ಬ್ಯಾಂಕಿಗೆ ಬರೆದ ಒಂದು ಪತ್ರದ ಸುತ್ತ

– ಚಿಕ್ಕಪ್ಪ, ಅಮ್ಮನಿಗೋಸ್ಕರ ಬ್ಯಾಂಕಿಗೆ ಒಂದು ಪತ್ರ ಬರೆದಿದ್ದೀನಿ. ನೀವು ಅಷ್ಟು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವರು, ಒಂದ್ಸಲ ನೋಡಿಕೊಡಿ. ನಿನ್ನೆ ಸಂಜೆ ಹಾಸನದಿಂದ ಚನ್ನರಾಯಪಟ್ಟಣಕ್ಕೆ ಬರುವಾಗ ಬಸ್ಸಿನಲ್ಲಿ ಅಮ್ಮನ ಬ್ಯಾಗು ಹೋಯಿತು. ಮೊಬೈಲು, ಪಾಸ್‌ಬುಕ್ಕು, ಎಟಿಎಂ ಕಾರ್ಡು ಮೂರೂ ಅದರಲ್ಲೇ ಇದ್ದವು. ಇವತ್ತು ಎರಡನೇ ಶನಿವಾರ, ನಾಳೆ ಭಾನುವಾರ. ಸೋಮವಾರ ಬೆಳಗ್ಗೆ ಶಾಖೆ ತೆಗೆದ ತಕ್ಷಣ ಕೊಟ್ಟುಬರೋಣ ಅಂತ.

– ಪತ್ರ ಆಮೇಲೆ ಓದ್ತೀನಿ. ಮೊದಲು ಇದನ್ನು ಹೇಳು, ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿದಿರಾ?

– ಇಲ್ಲ. ಸೋಮವಾರ ಹೇಗೂ ಹೋಗ್ತೀವಲ್ಲ ಅಂತ ಸುಮ್ಮನಿದ್ದೆವು.

– ಸೋಮವಾರದ ತನಕ ಕಾಯೋ ವಿಷಯ ಅಲ್ಲಮ್ಮ ಇದು. ಶಾಖೆಗೆ ರಜೆ ಇರಬಹುದು, ಎಟಿಎಮ್ಮಿಗೂ ಯುಪಿಐಗೂ ರಜೆ ಇಲ್ಲ. ಕಳೆದುಹೋದದ್ದನ್ನು ತಿಳಿಸೋದಕ್ಕೆ ದಿನದ 24 ಗಂಟೆಯೂ ದಾರಿ ಇಟ್ಟಿರಬೇಕು ಅಂತ ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಹೇಳಿದೆ. ನಿನ್ನ ಫೋನಿನಿಂದಲೇ ಈಗ ಮಾಡು. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೋ, ಅವರು ಕೇಳೋದಕ್ಕೆಲ್ಲ ಅತ್ತಿಗೆಯೇ ಉತ್ತರ ಕೊಡಬೇಕು.

– ನಂಬರು ಗೂಗಲ್‌ನಲ್ಲಿ ಹುಡುಕಲಾ?

– ಬೇಡ. ಬ್ಯಾಂಕಿನ ಹೆಸರಿನಲ್ಲಿ ಸುಳ್ಳು ನಂಬರು ಹಾಕಿ ಕಾಯ್ತಾ ಕೂತವರು ಇದ್ದಾರೆ. ಫೋನು ಕಳೆದುಕೊಂಡು ಗಾಬರಿಯಲ್ಲಿ ಹುಡುಕೋ ಜನವೇ ಅವರಿಗೆ ಬೇಕಾಗಿರೋದು. ನಂಬರನ್ನು ಬ್ಯಾಂಕಿನ ಸ್ವಂತ ವೆಬ್‌ಸೈಟಿನಿಂದಲೇ ತಗೋ. ಈಗ ನಮ್ಮ ಬ್ಯಾಂಕುಗಳ ವಿಳಾಸ .bank.in ಅಂತ ಕೊನೆಯಾಗಬೇಕು ಅನ್ನೋ ನಿಯಮ ಇದೆ, ಅದನ್ನು ನೋಡಿಕೋ. ಮನೇಲಿ ಹಳೇ ಪಾಸ್‌ಬುಕ್ ಇದ್ದರೆ ಅದರ ಮೇಲೂ ನಂಬರು ಇರಬಹುದು.

– ಹಳೇದು ಯಾಕೆ ಇರುತ್ತೆ? ಪಾಸ್‌ಬುಕ್ ಕಳೆದಿದೆಯಲ್ಲ. ಖಾತೆ ನಂಬರ್ ಕೂಡ ನಮ್ಮ ಹತ್ತಿರ ಇಲ್ಲ.

– ಪುಟ ತುಂಬಿದ ಪಾಸ್‌ಬುಕ್ಕನ್ನು ಅತ್ತಿಗೆ ಎಸೆಯೋರಲ್ಲ. ಟ್ರಂಕಿನಲ್ಲಿ ಕಾಗದಪತ್ರಗಳ ಜೊತೆ ಹುಡುಕು. ಪುಸ್ತಕ ಬದಲಾದರೂ ಖಾತೆ ಸಂಖ್ಯೆ, ಗ್ರಾಹಕ ಸಂಖ್ಯೆ ಬದಲಾಗಲ್ಲ. ಅದೂ ಸಿಗದಿದ್ದರೆ ಹಾಲಿನ ಸಂಘದಲ್ಲಿ ಕೇಳು. ಬಟವಾಡೆ ಖಾತೆಗೆ ಹೋಗೋದರಿಂದ ಅವರ ದಾಖಲೆಯಲ್ಲಿ ನಂಬರ್ ಇದ್ದೇ ಇರುತ್ತೆ.

– ಸಿಕ್ಕಿತು ಚಿಕ್ಕಪ್ಪ, ಟ್ರಂಕಿನಲ್ಲೇ ಇತ್ತು. ಫೋನಿನಲ್ಲಿ ಏನಂತ ಹೇಳಬೇಕು? ಖಾತೇನೇ ನಿಲ್ಲಿಸಿಬಿಡಿ ಅನ್ನಲಾ?

– ಹಾಗೆ ಒಂದೇ ಮಾತಿನಲ್ಲಿ ಹೇಳಬೇಡ. ಮೂರು ವಿಷಯ ಬಿಡಿಬಿಡಿಯಾಗಿ ಹೇಳು. ಎಟಿಎಂ ಕಾರ್ಡ್ ಬ್ಲಾಕ್ ಮಾಡಿ, ಈ ಖಾತೆಯ ಯುಪಿಐ ನಿಲ್ಲಿಸಿ, ಮೊಬೈಲ್ ಬ್ಯಾಂಕಿಂಗ್ ನಿಲ್ಲಿಸಿ. ಪೂರ್ತಿ ಖಾತೆಯನ್ನೇ ತಡೆಹಿಡಿದರೆ ಹಾಲಿನ ದುಡ್ಡು ಒಳಗೆ ಬರೋದೂ ನಿಲ್ಲಬಹುದು. ಹೊರಗೆ ಹೋಗೋದನ್ನು ಮಾತ್ರ ತಡೆದರೂ ಸ್ತ್ರೀಶಕ್ತಿ ಸಂಘದ ಸಾಲದ ಕಂತು ಖಾತೆಯಿಂದ ಕಡಿತ ಆಗಲ್ಲ, ಅದಕ್ಕೆ ದಂಡ ಬೀಳುತ್ತೆ. ಆ ತಡೆ ತೆಗೆಸೋದಕ್ಕೆ ಮತ್ತೊಂದು ಅರ್ಜಿ. ಹಣ ಹೊರಗೆ ಹೋಗಿಬಿಟ್ಟಿದೆ ಅಂತ ಗೊತ್ತಾದರೆ ಮಾತ್ರ ಪೂರ್ತಿ ತಡೆ ಕೇಳು, ಜೊತೆಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಆ ಕ್ಷಣವೇ ಫೋನ್ ಮಾಡು.

– ಆಯಿತು, ಮೂರೂ ನಿಲ್ಲಿಸಿದರಂತೆ. ಒಂದು ದೂರು ಸಂಖ್ಯೆ ಕೊಟ್ಟರು.

– ಅದನ್ನು ಬರೆದಿಟ್ಟುಕೊಂಡೆಯಾ? ಪಕ್ಕದಲ್ಲೇ ಸಮಯಾನೂ ಬರಿ. ಶನಿವಾರ, ಬೆಳಗ್ಗೆ 10 ಗಂಟೆ 20 ನಿಮಿಷ. ಸೋಮವಾರ ಕೊಡೋ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಸಾಲು ಅದೇ.

– ಸಮಯಕ್ಕೆ ಅಷ್ಟು ಬೆಲೆ ಯಾಕೆ?

– 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಖಾತೆದಾರರ ಒಪ್ಪಿಗೆ ಇಲ್ಲದೆ ಎಲೆಕ್ಟ್ರಾನಿಕ್ ದಾರಿಯಲ್ಲಿ ಹಣ ಹೋದರೆ ನಷ್ಟ ಯಾರು ಹೊರಬೇಕು ಅನ್ನೋದನ್ನು ಅದರಲ್ಲಿ ಹೇಳಿದೆ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ಮೂರನೆಯವರು ಎಲ್ಲೋ ಕಳ್ಳದಾರಿ ಹುಡುಕಿದರು ಅಂದುಕೋ. ಹಣ ಹೋಯಿತು ಅಂತ ಬ್ಯಾಂಕಿನ ಸಂದೇಶ ಬಂದ ಮೇಲೆ 3 ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಒಂದು ರೂಪಾಯಿ ಹೊರೆಯೂ ಇಲ್ಲ. 4ರಿಂದ 7 ದಿನ ಆದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊರೆ ಹೆಚ್ಚೆಂದರೆ 10,000 ರೂಪಾಯಿ. ಆಮೇಲೆ ಬ್ಯಾಂಕಿನ ಆಡಳಿತ ಮಂಡಳಿ ಮಾಡಿಕೊಂಡ ನೀತಿ ಏನು ಹೇಳುತ್ತೋ ಅದು.

– ಆದರೆ ಆ ಸಂದೇಶ ಬರೋದೇ ಕಳೆದುಹೋದ ಫೋನಿಗೆ ಅಲ್ವಾ?

– ಅದೇ ತೊಂದರೆ. ಹಣ ಹೋದದ್ದು ಅತ್ತಿಗೆಗೆ ಗೊತ್ತೇ ಆಗಲ್ಲ, ಆದರೆ ಬ್ಯಾಂಕಿನ ಲೆಕ್ಕದಲ್ಲಿ ಸಂದೇಶ ಹೋಗಿರುತ್ತೆ, ದಿನದ ಎಣಿಕೆ ಶುರುವಾಗಿರುತ್ತೆ. ಅದಕ್ಕೇ ಹಣ ಹೋಗಿದೆಯಾ ಇಲ್ಲವಾ ಅಂತ ನೋಡೋಕೆ ಮೊದಲೇ ತಿಳಿಸಿಬಿಡಬೇಕು. ಇನ್ನೊಂದು ಕೇಳ್ತೀನಿ, ಅತ್ತಿಗೆ ಎಟಿಎಂ ಪಿನ್ನು ಎಲ್ಲಾದರೂ ಬರೆದಿಟ್ಟಿದ್ದರಾ?

– ಪಾಸ್‌ಬುಕ್ಕಿನ ಹಿಂದಿನ ರಟ್ಟಿನ ಒಳಗಡೆ ಪೆನ್ಸಿಲಿನಲ್ಲಿ ಬರೆದಿದ್ದರಂತೆ.

– ಹಾಗಾದರೆ ಈ 10 ಗಂಟೆ 20 ನಿಮಿಷ ಇನ್ನೂ ಮುಖ್ಯವಾಯಿತು. ಪಿನ್ ಇನ್ನೊಬ್ಬರ ಕೈಗೆ ಸಿಗೋ ಹಾಗೆ ಇಟ್ಟಿದ್ದರೆ ಅದು ಗ್ರಾಹಕರ ಅಜಾಗರೂಕತೆ ಅಂತ ಬ್ಯಾಂಕು ಹೇಳುತ್ತೆ. ಅಂಥ ಕಡೆ ತಿಳಿಸೋವರೆಗಿನ ನಷ್ಟ ಪೂರ್ತಿ ಗ್ರಾಹಕರದು. ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದು. ನಿನ್ನೆ ರಾತ್ರಿ ಯಾರಾದರೂ 5,000 ತೆಗೆದಿದ್ದರೆ ಅದು ಅತ್ತಿಗೆಯ ಲೆಕ್ಕಕ್ಕೆ ಬೀಳುತ್ತೆ. ಇವತ್ತು ಮಧ್ಯಾಹ್ನ 12ಕ್ಕೆ ತೆಗೆದರೆ ಬ್ಯಾಂಕಿನ ಲೆಕ್ಕಕ್ಕೆ. ನಡುವಿನ ಗೆರೆ ಈ ಒಂದು ಫೋನ್ ಕರೆ. ಸೋಮವಾರದ ತನಕ ಕಾದಿದ್ದರೆ ಆ ಗೆರೆ ಎರಡು ದಿನ ಮುಂದಕ್ಕೆ ಹೋಗಿರುತ್ತಿತ್ತು. ಈಗ ನಿನ್ನ ಪತ್ರ ಕೊಡು.

– ಓದಿ.

– “ನಾನು ತಮ್ಮ ಬ್ಯಾಂಕಿನ ಬಹಳ ವರ್ಷಗಳ ಗ್ರಾಹಕಳಾಗಿದ್ದು, ನಿನ್ನೆ ದಿನ ಬಸ್ಸಿನಲ್ಲಿ ಬಹಳ ಜನಸಂದಣಿ ಇದ್ದು, ನನ್ನ ಬ್ಯಾಗನ್ನು ಯಾರೋ ತೆಗೆದುಕೊಂಡು ಹೋಗಿರುತ್ತಾರೆ. ಆದ್ದರಿಂದ ದಯಮಾಡಿ ಪಾಸ್‌ಬುಕ್ ಮತ್ತು ಮೊಬೈಲ್ ಸಂಖ್ಯೆ ಸರಿಪಡಿಸಿ ಕೊಡಬೇಕಾಗಿ ವಿನಂತಿ.” ಭಾಷೆ ಚೆನ್ನಾಗಿದೆ. ಆದರೆ ಈ ಪತ್ರ ಹಿಡಿದು ಗುಮಾಸ್ತರು ಏನೂ ಮಾಡೋಕಾಗಲ್ಲ. ಯಾವ ಖಾತೆ, ಯಾವ ನಂಬರ್ ತೆಗೆಯಬೇಕು, ಯಾವುದು ಹಾಕಬೇಕು, ಒಂದೂ ಇಲ್ಲ. ಬಸ್ಸಿನ ಜನಸಂದಣಿಗೆ ಒಂದು ಸಾಲು ಹೋಗಿದೆ, ಖಾತೆ ಸಂಖ್ಯೆಗೆ ಅರ್ಧ ಸಾಲೂ ಇಲ್ಲ.

– ಎರಡೂ ಒಂದೇ ಸಾಲಿನಲ್ಲಿ ಕೇಳಿದ್ದೀನಿ, ಕೆಲಸ ಬೇಗ ಆಗುತ್ತೆ ಅಂತ.

– ಅಲ್ಲೇ ಸಿಕ್ಕಿಹಾಕಿಕೊಳ್ಳೋದು. ನಿನಗೆ ಎರಡೂ ಒಂದೇ ಕಷ್ಟದ ಎರಡು ಭಾಗ. ಬ್ಯಾಂಕಿಗೆ ಅವೆರಡರ ತೂಕ ಬೇರೆ ಬೇರೆ. ಪಾಸ್‌ಬುಕ್ಕು ಖಾತೆಯಲ್ಲಿ ಏನು ನಡೆದಿದೆ ಅಂತ ಮುದ್ರಿಸಿದ ಪುಸ್ತಕ, ಅಷ್ಟೆ. ಅದೊಂದನ್ನೇ ಹಿಡಿದು ಬಂದವರಿಗೆ ಕೌಂಟರಿನಲ್ಲಿ ದುಡ್ಡು ಕೊಡಲ್ಲ, ಸಹಿ ತಾಳೆ ನೋಡ್ತಾರೆ. ಮೊಬೈಲ್ ನಂಬರು ಹಾಗಲ್ಲ, ಅದು ಬೀರುವಿನ ಕೀಲಿಕೈ ಇದ್ದ ಹಾಗೆ. ಒಟಿಪಿ ಅದಕ್ಕೇ ಬರುತ್ತೆ, ಯುಪಿಐ ಅದರ ಮೇಲೇ ನಿಂತಿದೆ. ಬೇರೆಯವರು ಸುಳ್ಳು ಸಹಿ ಹಾಕಿ ನಂಬರು ಬದಲಿಸಿಕೊಂಡರೆ ಖಾತೆಯೇ ಅವರ ಕೈಗೆ ಹೋದ ಹಾಗೆ. ಅದಕ್ಕೇ ಆ ಕೆಲಸವನ್ನು ಒಬ್ಬರು ಕಂಪ್ಯೂಟರಿಗೆ ಹಾಕಿದರೆ ಇನ್ನೊಬ್ಬ ಅಧಿಕಾರಿ ನೋಡಿ ಒಪ್ಪಿಗೆ ಕೊಡಬೇಕು. ಎರಡು ಕೋರಿಕೆ ಕಲಸಿ ಬರೆದರೆ ಪಾಸ್‌ಬುಕ್ ಕೌಂಟರಿನವರು ಪುಸ್ತಕ ಮುದ್ರಿಸಿಕೊಟ್ಟು ಪತ್ರವನ್ನು ಅವತ್ತಿನ ಕಟ್ಟಿಗೆ ಸೇರಿಸಿಬಿಡ್ತಾರೆ. ಮೊಬೈಲಿನ ಅರ್ಜಿ ಅದರ ಜೊತೆಗೇ ಕಟ್ಟಿನೊಳಗೆ ಹೋಗಿರುತ್ತೆ, ಯಾರ ಕಣ್ಣಿಗೂ ಬೀಳಲ್ಲ.

– ಹಾಗಾದರೆ ಎರಡು ಪತ್ರ ಬರೆಯಲಾ?

– ಒಂದರಲ್ಲೇ ಬರಿ, ಆದರೆ ಕೋರಿಕೆಗಳಿಗೆ ಒಂದು, ಎರಡು ಅಂತ ಅಂಕಿ ಹಾಕು. ಮೊಬೈಲ್ ನಂಬರ್ ಮೊದಲನೆಯದು. ಅದಕ್ಕೆ ಬ್ಯಾಂಕಿನದೇ ಮುದ್ರಿತ ಅರ್ಜಿ ನಮೂನೆ ಇರುತ್ತೆ, ಸೋಮವಾರ ಕೇಳಿ ತುಂಬಿಸಿ ಪತ್ರಕ್ಕೆ ಲಗತ್ತಿಸು. ನಮೂನೆ ತುಂಬಿದ ಮೇಲೆ ಪತ್ರ ಯಾಕೆ ಅಂತ ಯಾರಾದರೂ ಕೇಳಬಹುದು. ಬ್ಯಾಗು ಕಳೆದ ದಿನ, ಫೋನ್ ಮಾಡಿದ ಸಮಯ, ದೂರು ಸಂಖ್ಯೆ ಬರೆಯೋಕೆ ಆ ನಮೂನೆಯಲ್ಲಿ ಜಾಗ ಇರಲ್ಲ. ಅದಕ್ಕೆ ಪತ್ರ ಬೇಕು.

– ಪತ್ರವನ್ನು ನಾನೇ ಬೆಂಗಳೂರಿನ ಶಾಖೆಯಲ್ಲಿ ಕೊಡೋಕೆ ಆಗಲ್ವಾ? ಅಮ್ಮನಿಗೆ ಓಡಾಟ ತಪ್ಪುತ್ತಿತ್ತು.

– ಮೊಬೈಲ್ ನಂಬರಿನ ವಿಷಯದಲ್ಲಿ ಆಗಲ್ಲ. ಅತ್ತಿಗೆಯೇ ಬರಬೇಕು, ಖಾತೆ ಇರೋ ಶಾಖೆಗೇ ಬಂದರೆ ಒಳ್ಳೆಯದು. ಅಲ್ಲಿ ಮುಖ ನೋಡ್ತಾರೆ, ಮೂಲ ದಾಖಲೆ ನೋಡ್ತಾರೆ, ಸಹಿ ನೋಡ್ತಾರೆ. ಸಹಿ ಅಂದಾಗ ನೆನಪಾಯಿತು, ಅತ್ತಿಗೆ ಈಗ ಹೇಗೆ ಸಹಿ ಹಾಕ್ತಾರೆ?

– ಮೊದಲೆಲ್ಲ ಪೂರ್ತಿ ಹೆಸರು ಬರೆಯುತ್ತಿದ್ದರು. ಈಗೀಗ ಇನಿಷಿಯಲ್ ಹಾಕಿ ಅರ್ಧ ಹೆಸರು ಬರೆದು ಕೆಳಗೆ ಗೆರೆ ಎಳೀತಾರೆ.

– ಟ್ರಂಕಿನಲ್ಲಿ ಸಿಕ್ಕ ಪಾಸ್‌ಬುಕ್ ತೆಗೆ. ಫೋಟೊ ಪಕ್ಕ ಅತ್ತಿಗೆಯ ಸಹಿ ಇದೆ ನೋಡು. ಪೂರ್ತಿ ಹೆಸರು, ಕೊನೆಯ ಅಕ್ಷರದ ಕೊಂಬು ಉದ್ದ, ಕೆಳಗೆ ಗೆರೆ ಇಲ್ಲ. ಶಾಖೆಯ ಕಂಪ್ಯೂಟರಿನಲ್ಲಿ ಗುಮಾಸ್ತರಿಗೆ ಕಾಣೋದು ಈ ಸಹಿಯೇ. ಪತ್ರದ ಕೆಳಗೂ ಇದೇ ಬರಬೇಕು. ಕೈ ನಡುಗಿ ಹೊಂದದೇ ಹೋದರೆ ಹೊಸ ಮಾದರಿ ಸಹಿ ಕೊಡೋಕೆ ಬೇರೆ ನಮೂನೆ ಇದೆ, ಆಧಾರ್ ತೋರಿಸಿ ಅಲ್ಲೇ ಅಧಿಕಾರಿಯ ಎದುರಿಗೆ ಹಾಕಬಹುದು. ಅತ್ತಿಗೆ ಇವತ್ತು ರಾತ್ರಿ ಒಂದು ಹಾಳೆ ಮೇಲೆ ಹಳೇ ಸಹಿ ನಾಲ್ಕು ಸಲ ಹಾಕಿ ನೋಡಲಿ.

– ಸರಿ. ಹೊಸ ನಂಬರ್ ಅಂತ ನನ್ನ ನಂಬರನ್ನೇ ಕೊಡಬಹುದಲ್ವಾ? ಒಟಿಪಿ ಬಂದರೆ ನಾನೇ ನೋಡ್ಕೋತೀನಿ.

– ಆ ಮಾತಿಗೆ ಬರೋಕೆ ಮೊದಲು ಒಂದು ಪ್ರಶ್ನೆ. ನಂಬರನ್ನು ಬದಲಿಸಲೇಬೇಕಾ? ಸಿಮ್ ಅವರವರ ಹೆಸರಿನಲ್ಲೇ ಇದ್ದರೆ ಮೊಬೈಲ್ ಕಂಪನಿಯ ಅಂಗಡಿಗೆ ಹೋಗಿ ಅದೇ ನಂಬರಿಗೆ ಡೂಪ್ಲಿಕೇಟ್ ಸಿಮ್ ತಗೋಬಹುದು. ಹಳೇ ಸಿಮ್ ಆಗಲೇ ಸತ್ತುಹೋಗುತ್ತೆ. ಹೊಸ ಸಿಮ್ಮಿಗೆ ಮೊದಲ 24 ಗಂಟೆ ಎಸ್‌ಎಂಎಸ್ ಬರಲ್ಲ, ಹೋಗಲ್ಲ. ಕಳ್ಳರು ಬೇರೆಯವರ ಹೆಸರಿನಲ್ಲಿ ಸಿಮ್ ತಗೊಂಡು ಒಟಿಪಿ ಕದಿಯದಿರಲಿ ಅಂತ ಹಾಗೆ ಮಾಡಿದ್ದಾರೆ. ಆ ದಿನ ಕಳೆದರೆ ಬ್ಯಾಂಕಿನಲ್ಲಿ ನಂಬರು ಬದಲಿಸೋ ಮಾತೇ ಇಲ್ಲ, ಪಾಸ್‌ಬುಕ್ ಕೇಳಿದರೆ ಸಾಕು. ಫೋನ್ ಕಳೆದವರಲ್ಲಿ ಬಹಳ ಜನಕ್ಕೆ ಇಷ್ಟೇ ಸಾಕಾಗಿರುತ್ತೆ.

– ಕೇಳಿದೆವು ಚಿಕ್ಕಪ್ಪ. ಆ ಸಿಮ್ ಅಪ್ಪನ ಹೆಸರಿನಲ್ಲಿದೆ. ಅಂಗಡಿಯವರು ಕೊಡಲ್ಲ ಅಂದರು.

– ಅಣ್ಣ ಹೋದ ಮೇಲೂ ಹೆಸರು ಬದಲಿಸಿಕೊಂಡಿರಲಿಲ್ಲವಾ... ಸರಿ. ಮರಣ ಪ್ರಮಾಣಪತ್ರ ಮತ್ತು ವಾರಸುದಾರರ ಒಪ್ಪಿಗೆ ಕೊಟ್ಟು ಹೆಸರು ವರ್ಗಾಯಿಸಿಕೊಳ್ಳೋಕೆ ದಾರಿ ಇದೆ, ಆದರೆ ಅದಕ್ಕೆ ದಿನ ಹಿಡಿಯುತ್ತೆ, ಖಾತೆಯನ್ನು ಅಲ್ಲಿಯವರೆಗೆ ಆ ನಂಬರಿನ ಮೇಲೆ ಬಿಡೋಕಾಗಲ್ಲ. ಈ ಸಿಮ್ ಇನ್ನೂ ಜೀವಂತ ಇದೆ ಅನ್ನೋದು ನೆನಪಿರಲಿ. ಅದನ್ನು ಕಿತ್ತು ಬೇರೆ ಫೋನಿಗೆ ಹಾಕಿದರೆ ಒಟಿಪಿ ಅಲ್ಲಿಗೆ ಬರುತ್ತೆ, ಅತ್ತಿಗೆಯ ಫೋನಿಗೆ ಲಾಕ್ ಇದ್ದರೂ ಪ್ರಯೋಜನ ಇಲ್ಲ. ಅದಕ್ಕೇ ಇವತ್ತೇ ಮರಣ ಪ್ರಮಾಣಪತ್ರ ತಗೊಂಡು ಕಂಪನಿಯ ಅಂಗಡಿಗೆ ಹೋಗಿ ಆ ಸಿಮ್ ನಿಲ್ಲಿಸೋಕೆ ಹೇಳು.

– ಫೋನನ್ನೂ ನಿಲ್ಲಿಸಬಹುದಂತಲ್ಲ?

– ಹೌದು. ರಾಜ್ಯ ಪೊಲೀಸರ ಆ್ಯಪಿನಲ್ಲಿ ಇ-ಲಾಸ್ಟ್ ವರದಿ ಕೊಡು, ಇಲ್ಲವೇ ಠಾಣೆಗೆ ಹೋಗಿ ದೂರು ಕೊಟ್ಟು ಸ್ವೀಕೃತಿ ತಗೋ. ಅದನ್ನಿಟ್ಟುಕೊಂಡು sancharsaathi.gov.in ತಾಣದಲ್ಲಿ ಫೋನಿನ ಐಎಂಇಐ ಸಂಖ್ಯೆ ಹಾಕಿದರೆ ದೇಶದ ಯಾವ ಕಂಪನಿಯ ಸಿಮ್ ಹಾಕಿದರೂ ಆ ಫೋನು ನಡೆಯಲ್ಲ. ಐಎಂಇಐ ಫೋನಿನ ಡಬ್ಬದ ಮೇಲೆ, ಅಂಗಡಿಯ ಬಿಲ್ಲಿನಲ್ಲಿ ಇರುತ್ತೆ. ಪೊಲೀಸ್ ಸ್ವೀಕೃತಿಯ ಒಂದು ಪ್ರತಿಯನ್ನು ಬ್ಯಾಂಕಿನ ಪತ್ರಕ್ಕೂ ಸೇರಿಸು. ಬರೀ ಪಾಸ್‌ಬುಕ್ಕಿಗಾದರೆ ಸಾಮಾನ್ಯವಾಗಿ ಅದನ್ನು ಕೇಳಲ್ಲ, ಆದರೆ ಬ್ಯಾಗು ಯಾವತ್ತು ಹೋಯಿತು ಅನ್ನೋದಕ್ಕೆ ಅದು ಆಧಾರ.

– ಇನ್ನು ನನ್ನ ನಂಬರ್ ವಿಷಯ?

– ಬೇಡಮ್ಮ. ನೀನಿರೋದು ಬೆಂಗಳೂರಿನಲ್ಲಿ, ಅತ್ತಿಗೆ ಊರಿನಲ್ಲಿ. ಅವರ ಖಾತೆಗೆ ಹಾಲಿನ ದುಡ್ಡು ಬಂದರೆ ಸಂದೇಶ ನಿನಗೆ ಬರುತ್ತೆ, ಅವರಿಗೆ ಗೊತ್ತಾಗಲ್ಲ. ಇವತ್ತು ಕಷ್ಟ ಆಗಿರೋದೇ ಅತ್ತಿಗೆಯ ಖಾತೆ ಇನ್ನೊಬ್ಬರ ಹೆಸರಿನ ಸಿಮ್ಮಿನ ಮೇಲೆ ನಿಂತದ್ದರಿಂದ. ಅಣ್ಣನ ಹೆಸರು ತೆಗೆದು ನಿನ್ನ ಹೆಸರು ಹಾಕಿದರೆ ಕಷ್ಟದ ಜಾಗ ಬದಲಾಯಿತೇ ಹೊರತು ಕಷ್ಟ ಹೋಗಲಿಲ್ಲ. ಅತ್ತಿಗೆಯ ಆಧಾರ್ ಕೊಟ್ಟು ಅವರ ಹೆಸರಿನಲ್ಲೇ ಹೊಸ ಸಿಮ್ ಕೊಡಿಸು, ಒಂದು ಸಾಧಾರಣ ಕೀಪ್ಯಾಡ್ ಫೋನು ಸಾಕು. ಆ ನಂಬರನ್ನು ಪತ್ರದಲ್ಲಿ ಬರಿ.

– ಅಪ್ಪನ ನಂಬರನ್ನು ಬ್ಯಾಂಕಿನಿಂದ ತೆಗೆಸದೆ ಹಾಗೇ ಬಿಟ್ಟರೆ ಏನಾಗುತ್ತೆ?

– ಬಳಕೆ ಇಲ್ಲದೆ ರೀಚಾರ್ಜ್ ನಿಂತ ನಂಬರನ್ನು ಕಂಪನಿ ವಾಪಸ್ ತಗೊಳ್ಳುತ್ತೆ, ಕೆಲವು ತಿಂಗಳು ಬಿಟ್ಟು ಬೇರೆ ಗ್ರಾಹಕರಿಗೆ ಕೊಡುತ್ತೆ. ಆಗ ಅತ್ತಿಗೆಯ ಖಾತೆಗೆ ಬಂದ ಹೋದ ದುಡ್ಡಿನ ಸಂದೇಶ, ಒಟಿಪಿ ಎಲ್ಲ ಗುರುತೇ ಇಲ್ಲದವರಿಗೆ ಹೋಗುತ್ತೆ. ಅದಕ್ಕೇ ಪತ್ರದಲ್ಲಿ ಹೊಸ ನಂಬರ್ ಸೇರಿಸಿ ಅಂತ ಮಾತ್ರ ಬರೆದರೆ ಸಾಲದು. ಹಳೇ ನಂಬರ್ ಇದು, ಇದನ್ನು ತೆಗೆದುಹಾಕಿ ಅಂತಲೂ ಬರೀಬೇಕು.

– ಅಮ್ಮನಿಗೆ ಇನ್ನೊಂದು ಚಿಂತೆ. ನಂಬರು ಬದಲಾದರೆ ಗೃಹಲಕ್ಷ್ಮಿಯ 2,000 ರೂಪಾಯಿ ನಿಂತುಹೋಗುತ್ತಾ ಅಂತ.

– ಇಲ್ಲ ಅಂತ ಹೇಳು. ಆ ದುಡ್ಡು ಬರೋದು ಆಧಾರಿಗೆ ಜೋಡಣೆಯಾದ ಖಾತೆಗೆ. ಮೊಬೈಲ್ ನಂಬರಿಗೂ ಅದಕ್ಕೂ ಸಂಬಂಧ ಇಲ್ಲ. ಪಾಸ್‌ಬುಕ್ ಡೂಪ್ಲಿಕೇಟ್ ಆದರೂ ಖಾತೆ ಸಂಖ್ಯೆ ಅದೇ, ಹಾಲಿನ ಬಟವಾಡೆಯೂ ಅಲ್ಲಿಗೇ ಬರುತ್ತೆ. ಆದರೆ ಬಂದ ದುಡ್ಡು ತೆಗೆಯೋಕೆ ಪಾಸ್‌ಬುಕ್ ಬೇಕು. ಕೌಂಟರಿನಲ್ಲಿ ಚೀಟಿ ತುಂಬಿ ಹಣ ಪಡೆಯೋರು ಚೀಟಿಯ ಜೊತೆ ಪಾಸ್‌ಬುಕ್ ಕೊಡಬೇಕು ಅನ್ನೋದು ಉಳಿತಾಯ ಖಾತೆಯ ನಿಯಮ. ಅತ್ತಿಗೆಗೆ ಚೆಕ್ ಪುಸ್ತಕ ಇಲ್ಲ, ಕಾರ್ಡು ಬ್ಲಾಕ್ ಆಗಿದೆ. ಹಾಗಾಗಿ ಸದ್ಯಕ್ಕೆ ಅವರ ಕೈಗೆ ದುಡ್ಡು ಬರೋ ಮುಖ್ಯ ದಾರಿ ಅದೇ ಪುಸ್ತಕ.

– ಡೂಪ್ಲಿಕೇಟ್ ಪಾಸ್‌ಬುಕ್ಕಿನಲ್ಲಿ ಹಳೇ ವಿವರ ಎಲ್ಲ ಇರುತ್ತಾ?

– ಕೇಳದಿದ್ದರೆ ಇರಲ್ಲ. ಮೊದಲ ಸಾಲಿನಲ್ಲಿ ಅವತ್ತಿನ ಬಾಕಿ ಮೊತ್ತ ಮುದ್ರಿಸಿ ಕೊಡ್ತಾರೆ. ಆಗ ಬ್ಯಾಗು ಹೋದ ಶುಕ್ರವಾರದಿಂದ ಸೋಮವಾರದವರೆಗೆ ಏನಾಯಿತು ಅನ್ನೋದೇ ಗೊತ್ತಾಗಲ್ಲ. ಅದಕ್ಕೇ ಇಂಥ ದಿನದಿಂದ ವಿವರ ಮುದ್ರಿಸಿ ಕೊಡಿ ಅಂತ ಪತ್ರದಲ್ಲಿ ಬರಿ. ಡೂಪ್ಲಿಕೇಟಿಗೆ ಶುಲ್ಕ ಇರುತ್ತೆ, ಹಳೇ ವಿವರದ ಪುಟಗಳಿಗೆ ಕೆಲವು ಬ್ಯಾಂಕುಗಳು ಬೇರೆಯಾಗಿ ತಗೊಳ್ಳುತ್ತವೆ. ಈ ತಿಂಗಳ 1ನೇ ತಾರೀಕಿನಿಂದ ಕೇಳಿದರೆ ಸಾಕು, ಒಂದೆರಡು ಪುಟದಲ್ಲಿ ಮುಗಿಯುತ್ತೆ. ಶುಲ್ಕವನ್ನು ಖಾತೆಯಿಂದಲೇ ಕಡಿತ ಮಾಡಿಕೊಳ್ಳಿ ಅಂತಲೂ ಒಂದು ಸಾಲು ಸೇರಿಸು.

– ಪತ್ರದಲ್ಲಿ ಆಧಾರ್ ಸಂಖ್ಯೆ ಬರೆಯಲಾ?

– ಪತ್ರದಲ್ಲಿ ಬೇಡ. ಮೂಲ ಆಧಾರ್ ಕಾರ್ಡನ್ನು ತೋರಿಸೋಕೆ ತಗೊಂಡು ಹೋಗಿ. ಜೆರಾಕ್ಸ್ ಕೇಳ್ತಾರೆ, ಆ ಪ್ರತಿಯ ಮೇಲೆ ಅಡ್ಡವಾಗಿ “ಖಾತೆಯ ಮೊಬೈಲ್ ಸಂಖ್ಯೆ ಬದಲಾವಣೆಗೆ ಮಾತ್ರ” ಅಂತ ಬರೆದು, ತಾರೀಕು ಹಾಕಿ, ಅತ್ತಿಗೆ ಸಹಿ ಹಾಕಲಿ. ಆಮೇಲೆ ಆ ಹಾಳೆಯನ್ನು ಬೇರೆ ಕಡೆ ಬಳಸೋದು ಕಷ್ಟ. ಪಿನ್ನು, ಕಾರ್ಡಿನ ಹಿಂದಿನ ಮೂರು ಅಂಕಿ ಇವುಗಳನ್ನು ಪತ್ರದಲ್ಲೂ ಬರೀಬೇಡ, ಬಾಯಲ್ಲೂ ಹೇಳಬೇಡ. ಪೆನ್ನು ತಗೋ, ಬರೆಯೋಣ.

ಇಂದ,
(ಖಾತೆದಾರರ ಹೆಸರು, ಪಾಸ್‌ಬುಕ್ಕಿನಲ್ಲಿ ಇರುವಂತೆ)
(ಪೂರ್ಣ ವಿಳಾಸ)

ಗೆ,
ಶಾಖಾ ವ್ಯವಸ್ಥಾಪಕರು,
(ಬ್ಯಾಂಕು ಮತ್ತು ಶಾಖೆಯ ಹೆಸರು)

ಮಾನ್ಯರೇ,

ವಿಷಯ: ಉಳಿತಾಯ ಖಾತೆ ಸಂಖ್ಯೆ ............ – ಮೊಬೈಲ್ ಸಂಖ್ಯೆ ಬದಲಾವಣೆ ಹಾಗೂ ಡೂಪ್ಲಿಕೇಟ್ ಪಾಸ್‌ಬುಕ್ ಕೋರಿ.

ಮೇಲಿನ ಖಾತೆಯ (ಗ್ರಾಹಕ ಸಂಖ್ಯೆ ............) ಪಾಸ್‌ಬುಕ್, ಎಟಿಎಂ ಕಾರ್ಡ್ ಮತ್ತು ನನ್ನ ಮೊಬೈಲ್ ಫೋನ್ ದಿನಾಂಕ ............ ಶುಕ್ರವಾರ ಸಂಜೆ ಬಸ್ ಪ್ರಯಾಣದಲ್ಲಿ ಕಳೆದುಹೋಗಿವೆ. ಈ ವಿಷಯವನ್ನು ದಿನಾಂಕ ............ ಶನಿವಾರ ಬೆಳಗ್ಗೆ 10 ಗಂಟೆ 20 ನಿಮಿಷಕ್ಕೆ ತಮ್ಮ ಸಹಾಯವಾಣಿಗೆ ತಿಳಿಸಿದ್ದು, ಕಾರ್ಡ್, ಯುಪಿಐ ಹಾಗೂ ಮೊಬೈಲ್ ಬ್ಯಾಂಕಿಂಗ್ ನಿಲ್ಲಿಸಲು ಕೋರಿದ್ದೇನೆ. ದೂರು ಸಂಖ್ಯೆ ............ .

ಆದ್ದರಿಂದ ಈ ಕೆಳಗಿನ ಎರಡು ಕೆಲಸಗಳನ್ನು ಮಾಡಿಕೊಡಬೇಕಾಗಿ ಕೋರುತ್ತೇನೆ.

1. ಖಾತೆಯಲ್ಲಿ ನೋಂದಣಿಯಾಗಿರುವ ಹಳೆಯ ಮೊಬೈಲ್ ಸಂಖ್ಯೆ ............ ತೆಗೆದುಹಾಕಿ, ನನ್ನ ಹೆಸರಿನಲ್ಲಿರುವ ಹೊಸ ಸಂಖ್ಯೆ ............ ನೋಂದಾಯಿಸುವುದು. ಹಳೆಯ ಸಂಖ್ಯೆ ನನ್ನ ಬಳಿ ಇಲ್ಲದ ಕಾರಣ ಅದಕ್ಕೆ ಬರುವ ಒಟಿಪಿ ನೀಡಲು ಸಾಧ್ಯವಿಲ್ಲ. ಖುದ್ದಾಗಿ ಹಾಜರಾಗಿ ಮೂಲ ಗುರುತಿನ ದಾಖಲೆ ತೋರಿಸಿದ್ದೇನೆ.

2. ಡೂಪ್ಲಿಕೇಟ್ ಪಾಸ್‌ಬುಕ್ ನೀಡಿ, ದಿನಾಂಕ ............ ರಿಂದ ಇಂದಿನವರೆಗಿನ ವಹಿವಾಟು ಮುದ್ರಿಸಿಕೊಡುವುದು. ಇದರ ಶುಲ್ಕವನ್ನು ನನ್ನ ಖಾತೆಯಿಂದ ಕಡಿತ ಮಾಡಿಕೊಳ್ಳಬಹುದು.

ಕಳೆದುಹೋದ ಪಾಸ್‌ಬುಕ್ ಸಿಕ್ಕಿದರೆ ಶಾಖೆಗೆ ಹಿಂದಿರುಗಿಸುತ್ತೇನೆ.

ಲಗತ್ತುಗಳು: ಮೊಬೈಲ್ ಸಂಖ್ಯೆ ಬದಲಾವಣೆ ನಮೂನೆ, ಆಧಾರ್ ಪ್ರತಿ, ಪೊಲೀಸ್ ಸ್ವೀಕೃತಿಯ ಪ್ರತಿ.

ದಿನಾಂಕ:
ಸ್ಥಳ:
ತಮ್ಮ ವಿಶ್ವಾಸಿ,
(ಖಾತೆದಾರರ ಸಹಿ)

– ಒಟಿಪಿ ನೀಡೋಕೆ ಸಾಧ್ಯವಿಲ್ಲ ಅನ್ನೋ ಸಾಲು ಯಾಕೆ ಬೇಕು?

– ನಂಬರು ಬದಲಿಸೋಕೆ ಹೋದಾಗ ಕೆಲವು ಕಡೆ ಹಳೇ ನಂಬರಿಗೇ ಒಟಿಪಿ ಕಳಿಸೋ ದಾರಿ ಮೊದಲು ತೆರೆಯುತ್ತೆ. ಅದು ಹಳೇ ಸಿಮ್ ಕೈಯಲ್ಲಿ ಇದ್ದವರಿಗೆ. ಈ ಸಾಲು ಇದ್ದರೆ ಗುಮಾಸ್ತರು ಶುರುವಿನಲ್ಲೇ ಖುದ್ದು ಹಾಜರಾದವರ ದಾರಿ ಹಿಡೀತಾರೆ. ಈಗ ಇದರ ಎರಡು ಪ್ರತಿ ಮಾಡು. ಒಂದು ಬ್ಯಾಂಕಿಗೆ. ಇನ್ನೊಂದರ ಮೇಲೆ ಮೊಹರು, ತಾರೀಕು, ತಗೊಂಡವರ ಸಹಿ ಹಾಕಿಸಿಕೊಂಡು ವಾಪಸ್ ತಗೋ.

– ಕೊಟ್ಟರೆ ಸಾಕು, ಮೊಹರು ಬೇಡ ಅಂದರೆ?

– ಸಮಾಧಾನದಿಂದ ಅಧಿಕಾರಿಯ ಹತ್ತಿರ ಕೇಳು. ಕೊಡಲೇ ಇಲ್ಲ ಅಂದರೆ ಅದೇ ಪತ್ರವನ್ನು ಸ್ವೀಕೃತಿ ಇರೋ ಅಂಚೆಯಲ್ಲಿ ಅವತ್ತೇ ಕಳಿಸು. ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ, ಇಲ್ಲ ಬಂದ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ cms.rbi.org.in ತಾಣದಲ್ಲಿ ದೂರು ಕೊಡಬಹುದು. ಹೇಗೆ ಅಂತ ಕೇಳೋಕೆ 14448 ಇದೆ. ಅಲ್ಲಿ ಮೊದಲು ಕೇಳೋದು, ಬ್ಯಾಂಕಿಗೆ ಯಾವತ್ತು ಬರೆದುಕೊಟ್ಟಿರಿ, ಅದಕ್ಕೆ ದಾಖಲೆ ಎಲ್ಲಿ ಅಂತ. ಮೊಹರು ಬಿದ್ದ ಪ್ರತಿ ಅದಕ್ಕೇ.

– ನಂಬರು ನಿಜವಾಗಿ ಬದಲಾಯಿತಾ ಅಂತ ನಮಗೆ ಹೇಗೆ ಗೊತ್ತಾಗುತ್ತೆ?

– ಹೊಸ ನಂಬರಿಗೆ ನೋಂದಣಿಯಾಯಿತು ಅಂತ ಸಂದೇಶ ಬರಬೇಕು. ಬಂದರೂ ಒಂದ್ಸಲ ಪರೀಕ್ಷೆ ಮಾಡು. ಬಾಕಿ ಮೊತ್ತ ತಿಳಿಯೋಕೆ ಹೆಚ್ಚಿನ ಬ್ಯಾಂಕುಗಳಲ್ಲಿ ಮಿಸ್ಡ್ ಕಾಲ್ ನಂಬರು ಇರುತ್ತೆ. ಅತ್ತಿಗೆಯ ಹೊಸ ಸಿಮ್ಮಿನಿಂದ ಅದಕ್ಕೆ ಕರೆ ಕೊಡು. ಬಾಕಿ ಎಷ್ಟು ಅಂತ ಸಂದೇಶ ಬಂದರೆ ಕೆಲಸ ಆಗಿದೆ. ನೋಂದಣಿ ಇಲ್ಲ ಅಂತ ಬಂದರೆ ಎರಡನೇ ಅಧಿಕಾರಿಯ ಒಪ್ಪಿಗೆ ಇನ್ನೂ ಬಿದ್ದಿಲ್ಲ, ಶಾಖೆಯಲ್ಲಿ ಅದನ್ನೇ ಕೇಳು. ಈ ನಡುವೆ ಯಾರಾದರೂ ಫೋನ್ ಮಾಡಿ, ನಿಮ್ಮ ಅರ್ಜಿ ಬಾಕಿ ಇದೆ, ಒಟಿಪಿ ಹೇಳಿ ಅಂದರೆ ಕಟ್ ಮಾಡಿಬಿಡಿ. ಅತ್ತಿಗೆಯ ಪಾಸ್‌ಬುಕ್ಕಿನಲ್ಲಿ ಹೆಸರು, ಖಾತೆ, ವಿಳಾಸ ಎಲ್ಲ ಇತ್ತು. ಅದನ್ನು ಓದಿ ಹೇಳಿದರೆ ಯಾರ ಮಾತೂ ಬ್ಯಾಂಕಿನವರ ಮಾತಿನ ಹಾಗೆ ಕೇಳಿಸುತ್ತೆ.

– ಹೊಸ ಪಾಸ್‌ಬುಕ್ ಬಂದ ಮೇಲೆ ಅದರಲ್ಲಿ ಏನು ನೋಡಬೇಕು?

– ಶುಕ್ರವಾರದ ಸಾಲಿನಿಂದ ಕೆಳಗೆ ಬೆರಳಿಟ್ಟು ಬಾ. ಖರ್ಚಿನ ಕಾಲಂನಲ್ಲಿ ಏನಾದರೂ ಇದ್ದರೆ ವಿವರದಲ್ಲಿ ಏನಿದೆ ನೋಡು. UPI ಅಂತ ಇದ್ದರೆ ಫೋನಿನಿಂದ ಹೋಗಿದೆ, ATM ಅಂತ ಇದ್ದರೆ ಕಾರ್ಡಿನಿಂದ. ಸಂಘದ ಕಂತು, ಪಾಸ್‌ಬುಕ್ಕಿನ ಶುಲ್ಕ ಬಿಟ್ಟರೆ ಬೇರೇನೂ ಇರಬಾರದು. ಅತ್ತಿಗೆ ಮಾಡದ ಒಂದು ಸಾಲು ಕಂಡರೂ ಅಲ್ಲೇ ಕೂತು ಇನ್ನೊಂದು ದೂರು ಬರೆದುಕೊಡು, ಈ ಪತ್ರದ ಮೊಹರು ಬಿದ್ದ ಪ್ರತಿಯ ಜೆರಾಕ್ಸ್ ಅದಕ್ಕೆ ಸೇರಿಸು. ಯಾವಾಗ ತಿಳಿಸಿದಿರಿ ಅನ್ನೋ ವಾದ ಅಲ್ಲಿಗೆ ಮುಗೀತು.

– ಅಲ್ಲಿಗೆ ಎಲ್ಲ ಮುಗಿದ ಹಾಗೆ ಆಯಿತಲ್ಲ?

– ಬ್ಯಾಂಕಿನದು ಮುಗಿಯಿತು, ಆಧಾರಿನದು ಉಳಿಯಿತು. ಆಧಾರಿಗೂ ಅಣ್ಣನ ಸಿಮ್ಮಿನ ನಂಬರನ್ನೇ ಕೊಟ್ಟಿದ್ದರೆ ಬ್ಯಾಂಕಿನಲ್ಲಿ ಬದಲಾದದ್ದು ಅಲ್ಲಿ ತಾನಾಗಿ ಬದಲಾಗಲ್ಲ. ಅದಕ್ಕೆ ಆಧಾರ್ ಸೇವಾ ಕೇಂದ್ರಕ್ಕೆ ಅತ್ತಿಗೆ ಹೋಗಿ ಬೆರಳಚ್ಚು ಕೊಡಬೇಕು. ಗ್ಯಾಸ್ ಏಜೆನ್ಸಿಯಲ್ಲೂ ಹಾಲಿನ ಸಂಘದಲ್ಲೂ ಅದೇ ಹಳೇ ನಂಬರ್ ಇದ್ದರೆ ಅಲ್ಲೂ ಹೇಳಿ ಬದಲಿಸಿ. ಸೋಮವಾರ ಬ್ಯಾಂಕು, ಮಂಗಳವಾರ ಆಧಾರ್ ಕೇಂದ್ರ ಅಂತ ಇಟ್ಟುಕೋ, ಎರಡು ದಿನ ರಜೆ ಹಾಕಿ ಅತ್ತಿಗೆಯ ಜೊತೆ ಇರು.